ಇಳಕಲ್ ಮಗ್ಗದ ಫೋಟೋ, ಎರಡನೇ ಸಲಕ್ಕೆ ಪಾಸಾಯ್ತು

ಇಳಕಲ್‌ನಲ್ಲಿ ಒಂದು ನೇಕಾರರ ಸೊಸೈಟಿಗೆ ನೇಯ್ಗೆ ಫೋಟೋ ತೆಗೆದುಕೊಟ್ಟೆ. ಮೊದಲನೇ ಸಲ ಬಾಡಿಗೆ ಲೈಟು, ಹುಡುಗನ ಕೂಲಿ, ಗಾಡಿ ಎಲ್ಲಾ ಸೇರಿ 18 ಸಾವಿರ ಹತ್ರ ಹೋಯ್ತು, 60 ಫೋಟೋದಲ್ಲಿ 40ನ್ನ ಹಿರಿಯ ನೇಕಾರರು ಪಕ್ಕಕ್ಕೆ ತಳ್ಳಿಬಿಟ್ರು. ನಂಗೆ ಇಷ್ಟವಾಗಿದ್ದ ಫೋಟೋನೇ ಮೊದಲು ಹೋಯ್ತು. ಅಡ್ಡ ನೂಲು ಒಯ್ಯೋ ಲಾಳಿ ಹಾಸಿನ, ಅಂದ್ರೆ ಉದ್ದ ಎಳೆಗಳ, ನಡುವೆ ಇದೆ, ಆ ಅಡ್ಡ ನೂಲನ್ನ ಬಡಿದು ಕೂರಿಸೋ ಬಾಚಣಿಗೆಯಂಥ ಹಣಿಗೆ ಮಾತ್ರ ಬಟ್ಟೆಗೆ ಒತ್ತಿದೆ. ನಾನೇ ಇಡಿಸಿದ್ದು, ಚಂದ ಕಾಣ್ಲಿ ಅಂತ. "ಲಾಳಿ ಒಳಗಿದ್ದಾಗ ಹಿಂಗ ಬಡದ್ರ ಎಳಿ ಎಲ್ಲಾ ಹರದು ಹೋಗ್ತಾವಲ್ಲೋ ತಮ್ಮಾ" ಅಂತ ಅವರಲ್ಲೊಬ್ಬ ಅಜ್ಜ ಬೈದ್ರು. ಇನ್ನೊಂದ್ರಲ್ಲಿ ಲಾಳಿನ ಕೊಳಲು ಹಿಡಿದಂಗೆ ಕೈಯಲ್ಲಿ ಹಿಡಿಸಿದ್ದೆ, ಅದು ಹಗ್ಗ ಎಳೆದ್ರೆ ಲಾಳಿ ಓಡೋ ಮಗ್ಗ!

ಪೋಸ್ ಕೊಡಿಸದೆ ನೇಯುವಾಗ್ಲೇ ತೆಗಿತೀನಿ ಅಂದಾಗ, ಆ ಕತ್ತಲ ಕೋಣೇಲಿ ಕೈ ಎಲ್ಲಾ ಕಲಸಿಹೋಗುತ್ತೆ ಅಂತ ಗೆಳೆಯರು ನಕ್ರು. ಅವರು ಹೇಳಿದ್ದೂ ಸುಳ್ಳಲ್ಲ. ಟ್ಯೂಬ್‌ಲೈಟ್ ಕೆಳಗೆ ಶಟರ್ ಸ್ಪೀಡ್ 1/250 ಸೆಕೆಂಡ್ ಇಟ್ರೆ ಪಟ್ಟೆ ಪಟ್ಟೆ ಬರುತ್ತೆ, 1/100ಕ್ಕೆ ಪಟ್ಟೆ ಹೋಗುತ್ತೆ ಆದ್ರೆ ಕೈ ಅಲುಗುತ್ತೆ. ಅರ್ಧ ದಿನ ಕ್ಯಾಮೆರಾ ಮುಟ್ಟದೆ ಸುಮ್ನೆ ಕೂತು ಮಗ್ಗದ ಸದ್ದು ಕೇಳಿದೆ. ಕಾಲು ಪೆಡಲ್ ಒತ್ತುತ್ತೆ, ಹಾಸು ಬಾಯಿ ಬಿಡುತ್ತೆ, ಎಡಗೈ ಹಣಿಗೆಯನ್ನ ಹಿಂದಕ್ಕೆ ಹಿಡಿದಿರುತ್ತೆ, ಬಲಗೈ ಹಗ್ಗ ಜಗ್ಗುತ್ತೆ, ಟಕ್ ಅಂತ ಲಾಳಿ ಆ ಕಡೆ, ಆಮೇಲೆ ಹಣಿಗೆ ಮುಂದಕ್ಕೆ ಬಂದು ದಡ್. ಆ ದಡ್ ಹೊತ್ತಿಗೆ ಎಡಗೈ ಒಂದು ಕ್ಷಣ ನಿಂತೇ ನಿಲ್ಲುತ್ತೆ, ಹಣಿಗೆ ಪೂರ್ತಿ ಹಿಂದೆ ಹೋದಾಗ್ಲೂ ಅಷ್ಟೇ. ಆ ಎರಡು ಕಡೆ ಕ್ಲಿಕ್ ಮಾಡಿದ್ರೆ 1/100ರಲ್ಲೂ ಬೆರಳು ಶಾರ್ಪು. ಲಾಳಿ ಫೋಟೋ ಬೇಕಂದ್ರೆ ಹಣಿಗೆ ಹಿಂದಿರುವಾಗ್ಲೇ, ಲಾಳಿ ಸ್ವಲ್ಪ ಮಸುಕಾದ್ರೆ ಆಗ್ಲಿ, ಅದು ಓಡ್ತಿರೋದು ತಾನೆ. ಸದ್ದು ಕೇಳಿ ಒತ್ತಿದ್ರೆ ಲೇಟಾಗುತ್ತೆ, ನಾನು ಬೇರೆ ಒಂದು ಗುರುತು ಇಟ್ಕೊಂಡಿದ್ದೆ, ಅದು ನನ್ನ ಹತ್ರಾನೇ ಇರ್ಲಿ.

ಮಧ್ಯೆ ಒಂದು ಹುಚ್ಚಾಟ, ನೇಕಾರರು ಕಾಲು ಇಳಿಬಿಡೋ ಮಗ್ಗದ ಗುಂಡಿಯೊಳಗೆ ಮೊಬೈಲ್ ಇಟ್ಟು ಕಾಲಿನ ವಿಡಿಯೋ ಮಾಡಕ್ಕೆ ಹೋದೆ, ಲೆನ್ಸ್ ತುಂಬಾ ಹತ್ತಿ ಧೂಳು, ಬಂದಿದ್ದು ಒಂದು ಹೆಬ್ಬೆರಳು. ಸೆರಗಿನ ಕೆಂಪು ರೇಷ್ಮೆ ಮಾತ್ರ ಕ್ಯಾಮೆರಾದಲ್ಲಿ ಬರೀ ಕೆಂಪು ಮುದ್ದೆ ಆಗ್ತಿತ್ತು, ಎಕ್ಸ್‌ಪೋಷರ್ ಕಮ್ಮಿ ಮಾಡಿದ್ಮೇಲೆ ಎಳೆ ಕಾಣಿಸ್ತು.

ಎರಡನೇ ಸಲದ ಖರ್ಚು ಆರೂವರೆ ಸಾವಿರ, ಅದ್ರಲ್ಲಿ ಅರ್ಧ ನೇಕಾರರ ಕೆಲಸ ನಿಂತಿದ್ದಕ್ಕೆ ಕೊಟ್ಟಿದ್ದು. 30ರಲ್ಲಿ 27 ಒಪ್ಪಿದ್ರು, ಮೊದ್ಲು ಬೈದಿದ್ದ ಅಜ್ಜ ಒಂದು ಪ್ರಿಂಟ್ ಮನೆಗೂ ಒಯ್ದ್ರು.

ಆದ್ರೂ ಕಾಟ ಮುಗೀಲಿಲ್ಲ. ಡಿಸೈನ್ ಮಾಡೋನು ಪುಟಕ್ಕೆ ಹೊಂದ್ಲಿ ಅಂತ ಒಂದು ಫೋಟೋನ ಕನ್ನಡಿ ತರ ತಿರುಗಿಸಿಬಿಟ್ಟಿದ್ದ. ಹಗ್ಗ ಎಡಗೈಗೆ ಬಂದಿತ್ತು, ಅಜ್ಜ ಕನ್ನಡಕ ಹಾಕೋಕೂ ಮುಂಚೆ ಹಿಡಿದ್ರು. ಆ ಪುಟ ಮತ್ತೆ ಪ್ರಿಂಟ್ ಮಾಡಿಸಿದ ದುಡ್ಡು ಅವನಿಂದ ಇನ್ನೂ ಬಂದಿಲ್ಲ.