ಸಿಸಿ ಖಾತೆಯನ್ನು ಯಜಮಾನರಿಗೆ ಅರ್ಥ ಮಾಡಿಸಿದ್ದು

ನಾನು ದಾವಣಗೆರೆಯಲ್ಲಿ ಅಂಗಡಿಗಳ ಲೆಕ್ಕ ಬರೆಯುತ್ತೇನೆ. ಬಟ್ಟೆ ಅಂಗಡಿಯ ಯಜಮಾನರೊಬ್ಬರಿಗೆ 10 ಲಕ್ಷದ ಕ್ಯಾಶ್ ಕ್ರೆಡಿಟ್, ಅಂದ್ರೆ ಸಿಸಿ, ಮಂಜೂರಾಯಿತು. ಲಿಮಿಟ್ ಒಳಗೆ ಬೇಕಾದಾಗ ತೆಗೆದು, ದುಡ್ಡು ಬಂದಾಗ ಕಟ್ಟುವ ಬ್ಯಾಂಕ್ ಸಾಲ ಅದು. ಅವರು ಮೊದಲ ದಿನವೇ ಅಷ್ಟನ್ನೂ ತೆಗೆದು ಇನ್ನೊಂದು ಬ್ಯಾಂಕಿನ ಕರೆಂಟ್ ಅಕೌಂಟಿಗೆ ಹಾಕಿಬಿಟ್ಟರು. "ಕೊಟ್ಟಾಗ ಎತ್ಕೊಂಡ್ಬಿಡ್ಬೇಕು ಕಣಪ್ಪ, ಆಮೇಲೆ ಇಲ್ಲ ಅಂದ್ರೆ?"

ಡೈಲಿ ಬ್ಯಾಲೆನ್ಸ್, ವಾರ್ಷಿಕ ಬಡ್ಡಿ ದರ ಅಂತೆಲ್ಲ ಹೇಳಿದೆ. ತಲೆ ಆಡಿಸಿದರು, ಅಷ್ಟೇ. ಅವರಿಗೆ ಗೊತ್ತಿರುವುದು ಕೈಸಾಲದ ಲೆಕ್ಕ. ಹಾಗಾಗಿ ಅದನ್ನೇ ಹಿಡಿದೆ. "ಬ್ಯಾಂಕಿನ ಶೇ. 12 ಅಂದ್ರೆ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ. ಒಂದು ಲಕ್ಷ ಒಂದು ದಿನ ಇಟ್ಕೊಂಡ್ರೆ ಸುಮಾರು 33 ರೂಪಾಯಿ. ಆದರೆ ಕೈಸಾಲದ ಥರ ಪೂರ್ತಿ ಸಾಲಕ್ಕಲ್ಲ. ದಿನದ ಕೊನೆಗೆ ಎಷ್ಟು ಬಾಕಿ ಇದೆಯೋ ಅಷ್ಟಕ್ಕೆ ಮಾತ್ರ."

ಅವರ ಕರೆಂಟ್ ಅಕೌಂಟಿನಲ್ಲಿ 4 ಲಕ್ಷ ಸುಮ್ನೆ ಕೂತಿತ್ತು. ದಿನಕ್ಕೆ 130 ರೂಪಾಯಿ ಚಿಲ್ಲರೆ, ತಿಂಗಳಿಗೆ ಹತ್ತಿರ ಹತ್ತಿರ 4 ಸಾವಿರ. ಕರೆಂಟ್ ಅಕೌಂಟಲ್ಲಿ ಅದಕ್ಕೆ ಬಡ್ಡಿಯೂ ಬರಲ್ಲ. "ಹುಡುಗನ ಅರ್ಧ ಸಂಬಳ ಹೋಯ್ತಲ್ಲೋ!" ಅಂದರು. ಅವತ್ತಿನಿಂದ ವ್ಯಾಪಾರದ ದುಡ್ಡು ದಿನಾ ಸಂಜೆ ಸಿಸಿಗೇ ಜಮಾ.

ಇಷ್ಟಕ್ಕೇ ಮುಗಿಯಿತು ಅಂದುಕೊಂಡಿದ್ದು ನನ್ನ ತಪ್ಪು. ದೀಪಾವಳಿ ಕಳೆದ ಮೇಲೆ ಅವರ 80 ಸಾವಿರದ ಚೆಕ್ ಬೌನ್ಸ್ ಆಯಿತು. ಬಾಕಿ ಇದ್ದದ್ದು 7 ಲಕ್ಷ, ಲಿಮಿಟ್ 10 ಲಕ್ಷ. ನನ್ನ ಮೇಲೆ ಹರಿಹಾಯ್ದರು.

ಡ್ರಾಯಿಂಗ್ ಪವರ್, ಅಂದ್ರೆ ಲಿಮಿಟ್ ಎಷ್ಟೇ ಇದ್ದರೂ ಸ್ಟಾಕ್ ನೋಡಿ ಬ್ಯಾಂಕು ಬಳಸಲು ಬಿಡುವ ಮೊತ್ತ, ಅದರ ಬಗ್ಗೆ ನಾನು ಮೊದಲೇ ಹೇಳಬೇಕಿತ್ತು. ರ‍್ಯಾಕ್ ಮುಂದೆ ನಿಂತು ಕೇಳಿದೆ: "ಇದರಲ್ಲಿ ನಿಮ್ಮದು ಎಷ್ಟು?" "ಎಲ್ಲಾ ನಂದೇ!" "ಸೂರತ್ತಿನವರಿಗೆ ಕೊಡೋದು?" ಸುಮ್ಮನಾದರು. ಹಬ್ಬದಲ್ಲಿ ಮಾಲು ಖಾಲಿಯಾಗಿ ಉಳಿದಿದ್ದ ಸ್ಟಾಕ್ 14 ಲಕ್ಷದ್ದು, ಅದರಲ್ಲಿ 4 ಲಕ್ಷ ಕೊಡಬೇಕಿತ್ತು. ದುಡ್ಡು ಕೊಟ್ಟು ತಂದ ಮಾಲು 10 ಲಕ್ಷ. ಬ್ಯಾಂಕು ಅದರಲ್ಲಿ ಕಾಲು ಭಾಗ ಮಾರ್ಜಿನ್ ಅಂತ ಬಿಟ್ಟು ಏಳೂವರೆ ಲಕ್ಷ ಮಾತ್ರ ಬಳಸಲು ಬಿಡುತ್ತದೆ. ಏಳಕ್ಕೆ 80 ಸಾವಿರ ಸೇರಿದರೆ ಅದು ದಾಟುತ್ತದೆ. ತಿಂಗಳಾ ತಿಂಗಳಾ ನಾವು ಕೊಡುವ ಸ್ಟಾಕ್ ಸ್ಟೇಟ್‌ಮೆಂಟ್ ನೋಡಿಯೇ ಈ ಲೆಕ್ಕ ಹಾಕುವುದು. ಅವರು ಅದಕ್ಕೆ ಓದದೇ ಸಹಿ ಹಾಕುತ್ತಿದ್ದರು.

ಮುಂದಿನ ತಿಂಗಳು ಸ್ಟಾಕ್ ಬರೆಯಲು ಹೋದಾಗ ಹೊಸ ಸೀರೆ ಗಂಟು ತೋರಿಸಿ, "ಇದನ್ನ ಬರೀಬೇಡ, ಇನ್ನೂ ದುಡ್ಡು ಕೊಟ್ಟಿಲ್ಲ" ಅಂದರು. "ಬರೀಬೇಕು ಯಜಮಾನ್ರೆ, ಸ್ಟಾಕಲ್ಲೂ ಬರೀಬೇಕು, ಕೊಡೋದ್ರಲ್ಲೂ ಬರೀಬೇಕು" ಅಂದೆ. ಗಂಟು ಬಿಚ್ಚಿ ತಾವೇ ಎಣಿಸಲು ಕೂತರು.