ಮದುವೆ ಊಟಕ್ಕೆ ಎಲೆ ಲೆಕ್ಕದ ಕೊಟೇಶನ್ ಬರೆಯುವುದು ಹೇಗೆ?

'ಒಂದು ಎಲೆಗೆ ಎಷ್ಟಾಗುತ್ತೆ ಭಟ್ರೇ?' ಮದುವೆ ಮನೆಯವರ ಫೋನು ಶುರುವಾಗುವುದೇ ಹೀಗೆ. ಆ ಕ್ಷಣಕ್ಕೆ ಬಾಯಿಗೆ ಬಂದ ದರ ಹೇಳಬೇಡಿ. ಯಾವ ಹೊತ್ತಿನ ಊಟ, ಎಷ್ಟು ಎಲೆ, ಯಾವ ಛತ್ರ, ಅಲ್ಲಿ ಒಂದು ಪಂಕ್ತಿಗೆ ಎಷ್ಟು ಜನ ಕೂರಬಹುದು, ಈ ನಾಲ್ಕನ್ನು ಮೊದಲು ಕೇಳಿ ಬರೆದುಕೊಳ್ಳಿ. ಹಿಂದಿನ ರಾತ್ರಿಯ ವರಪೂಜೆ ಊಟ, ಬೆಳಗಿನ ತಿಂಡಿ, ಮುಹೂರ್ತದ ಊಟ ಮೂರಕ್ಕೂ ಬೇರೆ ಬೇರೆ ದರ ಇರಲಿ. ಇಲ್ಲಿ ಮುಹೂರ್ತದ ಊಟವೊಂದನ್ನೇ, 400 ಎಲೆಗೆ, ಲೆಕ್ಕ ಹಾಕಿ ನೋಡೋಣ. ಹಣದ ಅಂಕಿಗಳು ಲೆಕ್ಕ ತೋರಿಸಲು ಹಾಕಿದವು, ನಿಮ್ಮೂರಿನ ದರ ನೀವು ಹಾಕಿಕೊಳ್ಳಿ.

ಮೊದಲು ಮೆನು. 'ಎರಡು ಪಲ್ಯ, ಎರಡು ಸಿಹಿ' ಎಂದು ಬರೆದರೆ ಜಗಳಕ್ಕೆ ಬಾಗಿಲು ತೆರೆದಂತೆ. ಪದಾರ್ಥದ ಹೆಸರನ್ನೇ ಬರೆಯಿರಿ: ಹೆಸರುಬೇಳೆ ಕೋಸಂಬರಿ, ಹುರುಳಿಕಾಯಿ ಪಲ್ಯ, ಬದನೆಕಾಯಿ ಎಣ್ಣೆಗಾಯಿ, ಮಾವಿನಕಾಯಿ ಚಿತ್ರಾನ್ನ, ತೊವ್ವೆ, ಕುಂಬಳಕಾಯಿ ಹುಳಿ, ಸಾರು, ಬೇಳೆ ಹೋಳಿಗೆ, ಶ್ಯಾವಿಗೆ ಪಾಯಸ, ಹಪ್ಪಳ, ಉಪ್ಪಿನಕಾಯಿ, ಮೊಸರು. ಮಾವಿನಕಾಯಿ ಸಿಗದ ತಿಂಗಳಾದರೆ 'ಸಿಗದಿದ್ದರೆ ನಿಂಬೆಹಣ್ಣಿನ ಚಿತ್ರಾನ್ನ' ಎಂದು ಪಕ್ಕದಲ್ಲೇ ಸೇರಿಸಿ.

ಪ್ರಮಾಣದಲ್ಲಿ ಎರಡು ಬಗೆ. ಅನ್ನ, ಹುಳಿ, ಸಾರು, ಮೊಸರು 'ಕೇಳಿದಷ್ಟು'. ಎಣಿಸಿ ಬಡಿಸುವ ಹೋಳಿಗೆಗೆ ಮಾತ್ರ ಸಂಖ್ಯೆ ಬೇಕು. 'ಎಲೆಗೆ 1, ಒಟ್ಟು 500 ಹೋಳಿಗೆ' ಎಂದು ಬರೆದರೆ 400 ಎಲೆಗೆ ಬಡಿಸಿ, ಇನ್ನೊಂದು ಬೇಕೆಂದವರಿಗೂ ನೂರು ಉಳಿಯುತ್ತದೆ. ಅಷ್ಟು ಹೋಳಿಗೆಗೆ ಸುಮಾರು 10 ಕಿಲೋ ಕಡಲೆಬೇಳೆ, ಹೆಚ್ಚುಕಡಿಮೆ ಅಷ್ಟೇ ಬೆಲ್ಲ ಬೇಕು. ಅಕ್ಕಿ, ಚಿತ್ರಾನ್ನವೂ ಸೇರಿ, ಎಲೆಗೆ 100 ಗ್ರಾಂ ಹಿಡಿದರೆ 40 ಕಿಲೋ.

ಇನ್ನು ಕೂಲಿ. ಹೊಸಬರು ಸೋಲುವುದು ಇಲ್ಲಿಯೇ. ಮುಖ್ಯ ಅಡುಗೆಯವರು ಒಬ್ಬರು 4,000, ಕೈಯಾಳು ಮೂವರು 6,000, ಹೋಳಿಗೆ ತಟ್ಟುವವರು ಇಬ್ಬರು 4,000, ಬಡಿಸುವವರು 12 ಜನ 10,800, ಪಾತ್ರೆ ತೊಳೆಯಲು ಮತ್ತು ಎಲೆ ಎತ್ತಲು ಆರು ಜನ 4,800. ಒಟ್ಟು 29,600, ಎಲೆಗೆ 74 ರೂಪಾಯಿ. ದಿನಸಿ, ತರಕಾರಿ, ಹಾಲು, ತುಪ್ಪಕ್ಕೆ 140. ಗ್ಯಾಸು, ಬಾಳೆ ಎಲೆ, ಗಾಡಿ ಬಾಡಿಗೆಗೆ 30. ಅಸಲೇ 244 ಆಯಿತು. ಮೇಲೆ 36 ಇಟ್ಟು 280 ಎಂದು ದರ ಕಟ್ಟಿದಿರಿ ಅನ್ನಿ.

ಈಗ ಜನ 250 ಮಾತ್ರ ಬಂದರು. ದಿನಸಿ ಖರ್ಚನ್ನು ಮುಂಚೆ ಗೊತ್ತಾದರೆ ಇಳಿಸಬಹುದು, ಆದರೆ ಕರೆತಂದ ಆಳುಗಳ ಕೂಲಿ ಇಳಿಯುವುದಿಲ್ಲ. ಅದೇ 29,600ನ್ನು 250ಕ್ಕೆ ಹಂಚಿದರೆ ಎಲೆಗೆ 118 ದಾಟುತ್ತದೆ. 44 ರೂಪಾಯಿ ಹೆಚ್ಚು, ನೀವಿಟ್ಟ 36 ಅಲ್ಲೇ ಮುಗಿಯಿತು. ನನಗೂ ಒಮ್ಮೆ ಹೀಗೇ ಆಗಿತ್ತು. ಹೇಳಿದ್ದು 400, ಉಂಡಿದ್ದು 260. ಚೀಟಿಯಲ್ಲಿ ದರ ಬಿಟ್ಟು ಬೇರೇನೂ ಬರೆದಿರಲಿಲ್ಲ, ಉಂಡ ಎಲೆಗಷ್ಟೇ ದುಡ್ಡು ಬಂತು. ಆಳುಗಳಿಗೆ ಕೈಯಿಂದ ಕೊಟ್ಟೆ.

ಹಾಗಾಗಿ ದರದ ಕೆಳಗೇ ಈ ಸಾಲುಗಳು ಇರಲಿ: 'ಎಲೆಗೆ 280 ರೂ. ಕನಿಷ್ಠ 400 ಎಲೆ. ಕಡಿಮೆಯಾದರೂ 400ಕ್ಕೇ ಬಿಲ್. 40 ಎಲೆಯವರೆಗೆ ಹೆಚ್ಚಾದರೆ ಅದೇ ದರ. ಅದಕ್ಕೂ ಮೀರಿದರೆ ಎಲ್ಲ ಪದಾರ್ಥದ ಭರವಸೆ ಇಲ್ಲ. ಸಂಖ್ಯೆ ಬದಲಿಸುವುದಿದ್ದರೆ ಏಳು ದಿನ ಮುಂಚೆ ತಿಳಿಸಬೇಕು.'

ಈ ದರದಲ್ಲಿ ಸೇರದವುಗಳ ಪಟ್ಟಿಯನ್ನು ಛತ್ರದವರನ್ನು ಕೇಳಿದ ಮೇಲೆಯೇ ಬರೆಯಿರಿ. ಕೆಲವು ಕಡೆ ಸಿಲಿಂಡರನ್ನು ಅವರಲ್ಲೇ ಕೊಳ್ಳಬೇಕು, ಪಾತ್ರೆ ಬಾಡಿಗೆ, ಕ್ಲೀನಿಂಗ್ ಚಾರ್ಜು ಬೇರೆ. ಕೊಡುವವರು ಯಾರೆಂದು ಬರೆಯದಿದ್ದರೆ ಅದು ನಿಮ್ಮ ತಲೆಗೇ ಬರುತ್ತದೆ. ನೀರಿನ ಬಾಟಲಿ, ಐಸ್‌ಕ್ರೀಮ್, ಬೀಡ, ತಾಂಬೂಲದ ತೆಂಗಿನಕಾಯಿ, ಭೂಮದ ಊಟದ ಅಲಂಕಾರ ಇವೂ ಸೇರಿಲ್ಲವೆಂದು ಹೆಸರು ಹಿಡಿದೇ ಹೇಳಿ. ಜಿಎಸ್‌ಟಿ ನೋಂದಣಿ ಇದ್ದು ಶೇ 5 ಹಾಕುವವರಾದರೆ ಒಂದು ಎಲೆಗೆ ಅದು 14 ರೂಪಾಯಿಯೇ, 400ಕ್ಕೆ 5,600. ಕೊನೆಯ ದಿನ ಹೇಳಿದರೆ ಯಾರಿಗೂ ಒಪ್ಪಿಗೆಯಾಗುವುದಿಲ್ಲ.

ಕೊನೆಯದಾಗಿ, ಎಲೆ ಎಣಿಸುವುದು ಯಾರು? ಪ್ರತಿ ಪಂಕ್ತಿ ಎದ್ದ ಮೇಲೆ ನಿಮ್ಮವರೊಬ್ಬರು, ಮನೆಯವರೊಬ್ಬರು ಒಟ್ಟಿಗೆ ಎಣಿಸಿ ಒಂದೇ ಪುಸ್ತಕದಲ್ಲಿ ಸಹಿ ಹಾಕಬೇಕು. ವಾಲಗದವರು, ಫೋಟೊದವರು, ಡ್ರೈವರುಗಳ ಎಲೆ ಲೆಕ್ಕಕ್ಕೆ ಬರುತ್ತದೆ, ನಿಮ್ಮ ಆಳುಗಳದ್ದು ಬರುವುದಿಲ್ಲ. ಮಕ್ಕಳಿಗೆ ಎಲೆ ಹಾಕಿದರೆ ಅದೂ ಒಂದು ಎಲೆಯೇ. ಇಷ್ಟನ್ನೂ ಬರೆದು ಎರಡು ಪ್ರತಿ ಮಾಡಿ, ಮುಂಗಡ ಪಡೆಯುವ ದಿನವೇ ಎರಡಕ್ಕೂ ಇಬ್ಬರ ಸಹಿ ಹಾಕಿಸಿಕೊಳ್ಳಿ.