ಡಿಮಾರ್ಟ್ ಪ್ರಶ್ನೆಗೆ ನಾನು ಉತ್ತರ ಬರೆದ ಬಗೆ

ಮುಂಬಯಿಯಲ್ಲಿ ಕೆಲಸ ಮಾಡುತ್ತಲೇ ಸಂಜೆಯ ತರಗತಿಗಳಲ್ಲಿ ಮ್ಯಾನೇಜ್‌ಮೆಂಟ್ ಓದುತ್ತಿದ್ದಾಗ, ಪೂರ್ವಭಾವಿ ಪರೀಕ್ಷೆಯಲ್ಲಿ, ದಿನಸಿ ಮಳಿಗೆಗಳ ಸರಣಿಯಾದ ಡಿಮಾರ್ಟ್ ಕುರಿತ 15 ಅಂಕಗಳ ಕೇಸ್ ಸ್ಟಡಿ ಬಂದಿತ್ತು. ಕಡಿಮೆ ಬೆಲೆಯೇ ಡಿಮಾರ್ಟಿನ ತಂತ್ರವೆಂದು ಆರಂಭಿಸಿ, ಅದರ ಬಲ, ದೌರ್ಬಲ್ಯ, ಅವಕಾಶ ಮತ್ತು ಅಪಾಯಗಳ ನಾಲ್ಕು ಚೌಕಗಳನ್ನು ತುಂಬಿ ಬಂದೆ. ಸಿಕ್ಕಿದ್ದು 6 ಅಂಕ. ಉತ್ತರ ಪತ್ರಿಕೆಯ ಅಂಚಿನಲ್ಲಿ ಅಧ್ಯಾಪಕರು ಒಂದೇ ಪ್ರಶ್ನೆ ಬರೆದಿದ್ದರು: ಕಡಿಮೆ ಬೆಲೆಗೆ ಮಾರಿಯೂ ಲಾಭ ಉಳಿಯುವುದು ಹೇಗೆ?

ಆ ಪ್ರಶ್ನೆಯನ್ನು ಓದಿದಾಗ ನನ್ನ ತಪ್ಪು ತಿಳಿಯಿತು. ಗ್ರಾಹಕನ ಕಣ್ಣಿಗೆ ಬೀಳುವ ಫಲವನ್ನೇ ನಾನು ತಂತ್ರವೆಂದು ಬರೆದಿದ್ದೆ. ಬೆಲೆ ಇಳಿಸುವುದು ಯಾರಿಗೂ ಸಾಧ್ಯ, ಆದರೆ ಇಳಿಸಿದ ಬೆಲೆಯಲ್ಲಿ ವರ್ಷಾನುಗಟ್ಟಲೆ ನಿಲ್ಲಲು ವೆಚ್ಚ ಅದಕ್ಕಿಂತ ಮೊದಲೇ ಇಳಿದಿರಬೇಕು. ಮ್ಯಾನೇಜ್‌ಮೆಂಟ್ ಚಿಂತಕ ಮೈಕೆಲ್ ಪೋರ್ಟರ್ ಹೇಳುವ ವೆಚ್ಚದ ನಾಯಕತ್ವದ ಅರ್ಥವೂ ಇದೇ. ಆದ್ದರಿಂದ ಅಂತಿಮ ಪರೀಕ್ಷೆಗೆ ಮುನ್ನ, ಡಿಮಾರ್ಟಿನ ವೆಚ್ಚ ಎಲ್ಲೆಲ್ಲಿ ಇಳಿಯುತ್ತದೆ ಎಂಬುದನ್ನಷ್ಟೇ ಹುಡುಕಲು ಕುಳಿತೆ.

ಮೊದಲು ಸಿಕ್ಕಿದ್ದು ಜಾಗದ ವಿಷಯ. ರಾಧಾಕಿಶನ್ ದಮಾನಿಯವರು 2002ರಲ್ಲಿ ಪೊವಾಯಿಯಲ್ಲಿ ಮೊದಲ ಮಳಿಗೆ ತೆರೆದಂದಿನಿಂದ ಬೆಳೆದ ಈ ಸಂಸ್ಥೆ, ಬಹುಪಾಲು ಮಳಿಗೆಗಳ ಜಾಗವನ್ನು ತಾನೇ ಕೊಂಡುಕೊಳ್ಳುತ್ತದೆ, ಇಲ್ಲವೇ ದೀರ್ಘಾವಧಿಯ ಗುತ್ತಿಗೆಗೆ ಪಡೆಯುತ್ತದೆ. ದಿನಸಿ ವ್ಯಾಪಾರದಲ್ಲಿ 100 ರೂಪಾಯಿ ಮಾರಾಟಕ್ಕೆ ಖರೀದಿಯ ಖರ್ಚು ಕಳೆದು 15 ರೂಪಾಯಿ ಉಳಿಯುತ್ತದೆ ಎಂದು ಇಟ್ಟುಕೊಂಡರೆ, ಅದರಲ್ಲಿ 5 ರೂಪಾಯಿ ಬಾಡಿಗೆಗೆ ಹೋದಾಗ ಮೂರನೇ ಒಂದು ಪಾಲೇ ಕರಗಿಹೋಗುತ್ತದೆ. ಆ ಪಾಲು ಉಳಿದರೆ ಅದನ್ನು ಬೆಲೆ ಇಳಿಸಲು ಬಳಸಬಹುದು.

ಎರಡನೆಯ ಅಂಶ, ಅಂದರೆ ಸರಕು ಪೂರೈಸುವವರಿಗೆ ಬೇಗನೆ ಹಣ ಕೊಡುವ ಕ್ರಮ, ನನಗೆ ಪುಸ್ತಕದಿಂದ ಅರ್ಥವಾಗಲಿಲ್ಲ. ಸಾಲದ ಅವಧಿ ಉದ್ದವಾದಷ್ಟೂ ಅಂಗಡಿಗೆ ಅನುಕೂಲವೆಂದೇ ತರಗತಿಯಲ್ಲಿ ಕಲಿತಿದ್ದೆ. ಮುಲುಂಡಿನಲ್ಲಿ ಹೋಟೆಲ್ ನಡೆಸುವ ನನ್ನ ಸೋದರಮಾವನನ್ನು ಕೇಳಿದಾಗ ಅವರು, “ವಾಶಿ ಮಾರ್ಕೆಟಿನಲ್ಲಿ ಉದ್ರಿಯ ರೇಟು ಬೇರೆ, ರೋಖಿನ ರೇಟು ಬೇರೆ ಮಾರಾಯಾ. ಕೈಯಲ್ಲಿ ದುಡ್ಡು ಇದ್ದವನಿಗೆ ಅವನು ಎರಡು ರೂಪಾಯಿ ಬಿಟ್ಟೇ ಕೊಡುತ್ತಾನೆ” ಎಂದರು. ಆ ರಾತ್ರಿಯೇ ಲೆಕ್ಕ ಹಾಕಿದೆ.

ಒಂದು ಲಕ್ಷ ರೂಪಾಯಿಯ ಸರಕಿಗೆ 30ನೇ ದಿನ ಕೊಡಬೇಕಾದ ಹಣವನ್ನು 10ನೇ ದಿನವೇ ಕೊಟ್ಟು, ನೂರಕ್ಕೆ 2ರಂತೆ ಕಡಿತ ಪಡೆದೆವೆಂದುಕೊಳ್ಳೋಣ. ಉಳಿತಾಯ 2,000 ರೂಪಾಯಿ. ಅದಕ್ಕಾಗಿ 98,000 ರೂಪಾಯಿ 20 ದಿನ ಮೊದಲೇ ಕೈಬಿಡುತ್ತದೆ. ವರ್ಷಕ್ಕೆ ಶೇಕಡಾ 12ರ ಬಡ್ಡಿಯಂತೆ ಅದರ ಹೊರೆ ಸುಮಾರು 650 ರೂಪಾಯಿ ಮಾತ್ರ. ಆದರೆ ಕಡಿತ ನೂರಕ್ಕೆ ಅರ್ಧ ರೂಪಾಯಿಗೆ ಇಳಿದರೆ ಉಳಿಯುವುದು 500, ಆಗ ಬೇಗ ಕೊಡುವುದೇ ನಷ್ಟ. ಸರಕು ಬೇಗ ಖರ್ಚಾಗದೆ ಕಪಾಟಿನಲ್ಲೇ ಕುಳಿತರೆ ಹಣ ಇನ್ನೂ ಹೆಚ್ಚು ದಿನ ಸಿಕ್ಕಿಬೀಳುತ್ತದೆ. ಹೀಗಾಗಿ, ಆಯ್ದ ಕೆಲವೇ ಬಗೆಯ ಸರಕನ್ನು ದೊಡ್ಡ ಪ್ರಮಾಣದಲ್ಲಿ ಬೇಗನೆ ಮಾರಿ ಮುಗಿಸುವ ಡಿಮಾರ್ಟಿನ ಕ್ರಮವೂ ಬೇಗ ಪಾವತಿಸುವ ಕ್ರಮವೂ ಒಂದನ್ನೊಂದು ಹಿಡಿದು ನಿಂತಿವೆ.

ಅಂತಿಮ ಪರೀಕ್ಷೆಯಲ್ಲಿ ಮತ್ತೊಮ್ಮೆ ಇದೇ ಸಂಸ್ಥೆ ಬಂದಿತು. ಪ್ರಶ್ನೆ ಮಾತ್ರ ಬೇರೆ: ಪ್ರತಿಸ್ಪರ್ಧಿಗಳಷ್ಟು ವೇಗವಾಗಿ ಮಳಿಗೆಗಳನ್ನು ಹೆಚ್ಚಿಸಲು ಬಾಡಿಗೆ ಜಾಗಕ್ಕೆ ಹೋಗಬೇಕೆ? ಅರ್ಧ ಗಂಟೆಯಲ್ಲಿ ಮೊದಲ ಐದು ನಿಮಿಷ ಕೇಸಿನೊಳಗಿನ ಅಂಕಿಗಳಿಗೆ ಗೆರೆ ಎಳೆಯಲು ಕೊಟ್ಟೆ. ಮೊದಲ ವಾಕ್ಯದಲ್ಲೇ ಬೇಡವೆಂಬ ನಿರ್ಣಯ ಬರೆದೆ. ನಂತರ ಸ್ವಂತ ಜಾಗ, ವೇಗದ ಮಾರಾಟ, ಬೇಗನೆ ಪಾವತಿ, ಕಡಿತ, ಕಡಿಮೆ ಬೆಲೆ, ಮತ್ತೆ ವೇಗದ ಮಾರಾಟ ಎಂಬ ಸರಪಳಿಯನ್ನು ಬಾಣಗಳಿಂದ ಚಿತ್ರಿಸಿ, ಬಾಡಿಗೆ ಬಂದರೆ ಮೊದಲು ತುಂಡಾಗುವ ಕೊಂಡಿ ಯಾವುದೆಂದು ವಿವರಿಸಿದೆ. ನೆನಪಿನಲ್ಲಿದ್ದ ಹೊರಗಿನ ಮಾಹಿತಿಯಲ್ಲಿ, 2017ರ ಮಾರ್ಚ್ ಅಂತ್ಯಕ್ಕೆ ಕೇವಲ 131 ಮಳಿಗೆಗಳಿದ್ದವು ಎಂಬುದನ್ನು ಮಾತ್ರ ಬಳಸಿಕೊಂಡೆ. 15 ವರ್ಷಗಳಲ್ಲಿ ಆ ಸಂಖ್ಯೆ ಸಣ್ಣದು. ಅದು ಈ ತಂತ್ರಕ್ಕೆ ತೆರಬೇಕಾದ ಬೆಲೆ ಎಂದು ಒಪ್ಪಿಕೊಳ್ಳದ ಉತ್ತರ ಬರೀ ಹೊಗಳಿಕೆಯಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಕೊನೆಯ ಪ್ಯಾರಾದಲ್ಲಿ, ನನ್ನ ನಿರ್ಣಯ ಯಾವಾಗ ಬದಲಾಗಬೇಕೆಂಬುದನ್ನೂ ಬರೆದೆ. ಜಾಗದ ಬೆಲೆ ಏರಿ, ಅದಕ್ಕೆ ಹೂಡಿದ ಬಂಡವಾಳದ ಮೇಲಿನ ಬಡ್ಡಿಯೇ ಬಾಡಿಗೆಯನ್ನು ಮೀರುವ ಊರಿನಲ್ಲಿ ಸ್ವಂತ ಮಳಿಗೆಯ ವಾದ ನಿಲ್ಲುವುದಿಲ್ಲ, ಅಲ್ಲಿ ದೀರ್ಘ ಗುತ್ತಿಗೆಯೇ ಸರಿ. ಆ ಉತ್ತರಕ್ಕೆ 12 ಅಂಕ ಬಂದಿತು. ಕಳೆದುಹೋದ 3 ಅಂಕಗಳಿಗೆ ಕಾರಣ ಗೊತ್ತಿದೆ: ಮನೆಬಾಗಿಲಿಗೆ ಹತ್ತು ನಿಮಿಷದಲ್ಲಿ ದಿನಸಿ ತಲುಪಿಸುವ ಹೊಸ ಸ್ಪರ್ಧಿಗಳಿಗೆ ಗಿರಾಕಿ ಮಳಿಗೆಗೆ ಬರಬೇಕಾಗಿಯೇ ಇಲ್ಲ. ಅವರೆದುರು ನನ್ನ ಸರಪಳಿಯ ವೇಗದ ಮಾರಾಟದ ಕೊಂಡಿ ಏನಾಗುತ್ತದೆ ಎಂಬುದನ್ನು ನಾನು ಮುಟ್ಟಿರಲಿಲ್ಲ.